ಲಕ್ಷ, ಕೋಟಿ, ಮಿಲಿಯನ್: ಊರಿನವರಿಗೂ ಹೊರದೇಶದವರಿಗೂ ಒಂದೇ ಮೊತ್ತ ತಿಳಿಯುವಂತೆ ಬರೆಯುವುದು

ಪ್ರಶ್ನೆ: ನಮ್ಮೂರಿನ ಪ್ರೌಢಶಾಲೆಗೆ ಏಳು ಕೊಠಡಿ ಕಟ್ಟಿಸಲು ಹಳೆಯ ವಿದ್ಯಾರ್ಥಿಗಳು ವಾಟ್ಸ್ಆ್ಯಪ್ ಗುಂಪು ಮಾಡಿಕೊಂಡಿದ್ದೇವೆ. ಊರಿನವರು, ಬೆಂಗಳೂರಿನವರು, ಅಮೆರಿಕ, ದುಬೈ, ಜರ್ಮನಿಯಲ್ಲಿರುವವರು, ಅಲ್ಲೇ ಹುಟ್ಟಿ ಬೆಳೆದ ಕೆಲವರ ಮಕ್ಕಳು ಎಲ್ಲರೂ ಅದರಲ್ಲಿದ್ದಾರೆ. ಒಟ್ಟು ಅಂದಾಜು ಒಂದು ಕೋಟಿ ಐದು ಲಕ್ಷ, ಮೊದಲ ಕಂತಿಗೆ ಹದಿಮೂರೂವರೆ ಲಕ್ಷ ಬೇಕು. ನಾನು «ಒಟ್ಟು 1.5 Cr, ಮೊದಲ ಕಂತು 1.35 M» ಎಂದು ಹಾಕಿದೆ. ಮೊದಲ ಕಂತೇ ಒಂದು ಕೋಟಿ ಮೂವತ್ತೈದು ಲಕ್ಷವೇ ಎಂದು ಊರಿನವರು ಗಾಬರಿಯಾದರು. ಅಮೆರಿಕದ ಒಬ್ಬ ಹುಡುಗಿ Cr ಎಂದರೇನು ಎಂದು ಕೇಳಿದಳು. ಎಲ್ಲರಿಗೂ ತಿಳಿಯುವಂತೆ ಬರೆಯುವುದು ಹೇಗೆ?

ಉತ್ತರ: ನಿಮ್ಮ ಸಂದೇಶದಲ್ಲಿ ಎರಡು ತೊಡಕುಗಳಿವೆ. ಒಂದನ್ನು ಗುಂಪಿನವರು ಹಿಡಿದಿದ್ದಾರೆ, ಇನ್ನೊಂದು ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ. ಬೀಳದೆ ಉಳಿದಿರುವುದೇ ಹೆಚ್ಚು ಅಪಾಯದ್ದು, ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ. ಒಂದು ಕೋಟಿ ಐದು ಲಕ್ಷವನ್ನು ಬಿಂದು ಇಟ್ಟು ಬರೆದರೆ 1.05 ಕೋಟಿ ಆಗುತ್ತದೆ. ನೀವು ಹಾಕಿರುವುದು 1.5. ಅದು ಒಂದೂವರೆ ಕೋಟಿ, ಅಂದರೆ ಒಂದು ಕೋಟಿ ಐವತ್ತು ಲಕ್ಷ. ಕೊಠಡಿಗೆ ಹದಿನೈದು ಲಕ್ಷದ ಲೆಕ್ಕದಲ್ಲಿ ಮೂರು ಕೊಠಡಿಗಳ ಹಣ, ನಲವತ್ತೈದು ಲಕ್ಷ ರೂಪಾಯಿ, ಒಂದು ಸೊನ್ನೆ ಬಿಟ್ಟುಹೋದದ್ದರಿಂದ ನಿಮ್ಮ ಅಂದಾಜಿಗೆ ಸೇರಿಕೊಂಡಿದೆ.

ಇದು ಅಜಾಗರೂಕತೆಯಿಂದ ಆಗುವ ತಪ್ಪಲ್ಲ, ನಾವು ಮಾತನಾಡುವ ಕ್ರಮದಿಂದಲೇ ಹುಟ್ಟುವ ತಪ್ಪು. ಬಾಯಲ್ಲಿ «ಒಂದು ಕೋಟಿ, ಐದು ಲಕ್ಷ» ಎನ್ನುತ್ತೇವೆ. ಕೈ ಮೊದಲು 1 ಬರೆಯುತ್ತದೆ, ಚುಕ್ಕಿ ಇಡುತ್ತದೆ, ಕೇಳಿಸಿದ 5 ಬರೆಯುತ್ತದೆ. ಆದರೆ ಕೋಟಿಗೆ ನೂರು ಲಕ್ಷ. ಹಾಗಾಗಿ ಬಿಂದುವಿನ ನಂತರ ಲಕ್ಷಕ್ಕೆ ಎರಡು ಮನೆ ಮೀಸಲಾಗಿರಬೇಕು. ರೂಪಾಯಿ ಪೈಸೆಯ ಲೆಕ್ಕ ನೆನಪಿಸಿಕೊಳ್ಳಿ. ಒಂದು ರೂಪಾಯಿ ಐದು ಪೈಸೆಯನ್ನು ಯಾರೂ 1.5 ಎಂದು ಬರೆಯುವುದಿಲ್ಲ, 1.05 ಎಂದೇ ಬರೆಯುತ್ತಾರೆ. ಕೋಟಿಗೆ ಲಕ್ಷ ಹೇಗೋ ರೂಪಾಯಿಗೆ ಪೈಸೆ ಹಾಗೆ. ಲಕ್ಷಕ್ಕೂ ಸಾವಿರಕ್ಕೂ ಇದೇ ನಂಟು: ಮೂರು ಲಕ್ಷ ಐದು ಸಾವಿರ ಎಂದರೆ 3.05 ಲಕ್ಷ. ಇಪ್ಪತ್ತು ವರ್ಷ ಪತ್ರಿಕೆಯ ವಾಣಿಜ್ಯ ಪುಟದ ಡೆಸ್ಕ್‌ನಲ್ಲಿ ಕೂತು ಅಂಕಿಗಳನ್ನು ತಿದ್ದಿದವನಾಗಿ ಹೇಳುತ್ತೇನೆ, ಕನ್ನಡದಲ್ಲಿ ಮೊತ್ತ ಬರೆಯುವವರು ಮಾಡುವ ತಪ್ಪುಗಳಲ್ಲಿ ಇದರಷ್ಟು ಸದ್ದಿಲ್ಲದೆ ನುಸುಳುವುದು ಮತ್ತೊಂದಿಲ್ಲ. ಸೊನ್ನೆ ಹೆಚ್ಚಾದರೆ ಮೊತ್ತ ಹತ್ತು ಪಟ್ಟಾಗಿ ಯಾರಾದರೂ ಹೌಹಾರುತ್ತಾರೆ. ಇಲ್ಲಿ ಒಂದು ಕೋಟಿ ಒಂದು ಕೋಟಿಯಾಗಿಯೇ ಇರುತ್ತದೆ, ಬಾಲ ಮಾತ್ರ ಬದಲಾಗುತ್ತದೆ. ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ನಿಮ್ಮ ವಿಷಯದಲ್ಲಿ ಇನ್ನೂ ಒಂದು ಸಂಗತಿ ನಡೆದಿದೆ. ಎರಡು ತೊಡಕುಗಳೂ ಒಂದಕ್ಕೊಂದು ಆಸರೆಯಾಗಿ ನಿಂತಿವೆ. ಒಟ್ಟು ಅಂದಾಜು 1.05 ಕೋಟಿ ಎಂದು ಸರಿಯಾಗಿ ಇದ್ದಿದ್ದರೆ, ಮೊದಲ ಕಂತು 1.35 ಕೋಟಿ ಎಂದು ಓದಿದವರು ಅಲ್ಲೇ ತಡೆದು ನಿಲ್ಲುತ್ತಿದ್ದರು. ಒಟ್ಟು ಮೊತ್ತಕ್ಕಿಂತ ಮೊದಲ ಕಂತೇ ಹೆಚ್ಚಾಗುವುದು ಹೇಗೆ ಎಂದು ಕೇಳಿ M ಮೇಲೆ ಅನುಮಾನ ಪಡುತ್ತಿದ್ದರು. ಒಟ್ಟು ಒಂದೂವರೆ ಕೋಟಿ ಎಂದಿದ್ದುದರಿಂದ ಅದರೊಳಗೆ 1.35 ಕೋಟಿ ಸರಾಗವಾಗಿ ಹಿಡಿಸಿತು. ಗಾಬರಿಗೆ ಕಾರಣ ಸಿಕ್ಕಿತು, ತಪ್ಪು ಸಿಗಲಿಲ್ಲ.

ಇನ್ನು M. ಹದಿಮೂರೂವರೆ ಲಕ್ಷ ಎಂದರೆ 1.35 ಮಿಲಿಯನ್, ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಆದರೆ ಸರಿಯಾದ ಲೆಕ್ಕವೂ ತಪ್ಪಾಗಿ ಓದಿಸಿಕೊಳ್ಳುತ್ತದೆ, ಅದಕ್ಕೆ ಕಾರಣ ಮಿಲಿಯನ್ ಕೂತಿರುವ ಜಾಗ. ಒಂದು ಮಿಲಿಯನ್‌ಗೆ ಹತ್ತು ಲಕ್ಷ. ಒಂದು ಕೋಟಿಗೆ ಹತ್ತು ಮಿಲಿಯನ್. ಲಕ್ಷದಿಂದ ಹತ್ತು ಪಟ್ಟು ಮೇಲೆ, ಕೋಟಿಯಿಂದ ಹತ್ತು ಪಟ್ಟು ಕೆಳಗೆ, ನಮ್ಮ ಎರಡು ಅಳತೆಗಳ ನಟ್ಟನಡುವೆ ಅದು ಬಂದು ಕೂತಿದೆ. ಓದುವವರ ನೆನಪಿನಲ್ಲಿ «ಹತ್ತು» ಎಂಬುದು ಮಾತ್ರ ಉಳಿದಿರುತ್ತದೆ, ಯಾವ ಕಡೆಯ ಹತ್ತು ಎಂಬುದು ಮರೆತಿರುತ್ತದೆ. ಹೀಗಾಗಿ ಕೆಲವರು ಮೇಲಕ್ಕೆ ಜಾರುತ್ತಾರೆ, ಕೆಲವರು ಕೆಳಕ್ಕೆ. ಊರಿನವರು ಮೇಲಕ್ಕೆ ಜಾರಿದರು, ಮಿಲಿಯನ್ ಎಂದರೆ ಏನೋ ಭಾರಿ ಮೊತ್ತ ಎಂದು ಕೋಟಿಗೆ ಹೋದರು.

ನಾನೂ ಒಮ್ಮೆ ಜಾರಿದ್ದೇನೆ. ಸುದ್ದಿ ಸಂಸ್ಥೆಯಿಂದ ಬಂದ ಇಂಗ್ಲಿಷ್ ವರದಿಯಲ್ಲಿ 750 ಮಿಲಿಯನ್ ಡಾಲರ್ ಎಂದಿತ್ತು. ಪುಟ ಅಚ್ಚಿಗೆ ಹೋಗುವ ಹೊತ್ತಿನಲ್ಲಿ ಎರಡು ಸಲ ಹತ್ತರಿಂದ ಭಾಗಿಸಿ 7.5 ಕೋಟಿ ಡಾಲರ್ ಎಂದು ಶೀರ್ಷಿಕೆಗೆ ಹಾಕಿದೆ. ಆಗಬೇಕಾದದ್ದು 75 ಕೋಟಿ. ಮರುದಿನ ಬೆಳಿಗ್ಗೆ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಕಚೇರಿಗೆ ಫೋನ್ ಮಾಡಿ, ಬಹಳ ಮೃದುವಾಗಿ, «ಒಂದು ಸೊನ್ನೆ ಎಲ್ಲಿ ಹೋಯಿತು?» ಎಂದು ಕೇಳಿದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಂದಿನಿಂದ ಒಂದೇ ಒಂದು ನಂಟನ್ನು ನೆನಪಿಟ್ಟುಕೊಂಡಿದ್ದೇನೆ: ಮಿಲಿಯನ್ ಎಂದರೆ ಹತ್ತು ಲಕ್ಷ. ಯಾವ ಮೊತ್ತವನ್ನೇ ಬದಲಿಸುವುದಿದ್ದರೂ ಲಕ್ಷದ ಮೂಲಕವೇ ಹೋಗುತ್ತೇನೆ. 750 ಮಿಲಿಯನ್ ಎಂದರೆ 7,500 ಲಕ್ಷ. ನೂರು ಲಕ್ಷಕ್ಕೆ ಒಂದು ಕೋಟಿ, ಹಾಗಾದರೆ 75 ಕೋಟಿ. ದಾರಿ ಸ್ವಲ್ಪ ಸುತ್ತು, ಆದರೆ ಪ್ರತಿ ಹೆಜ್ಜೆಯೂ ನಮಗೆ ಬಾಲ್ಯದಿಂದ ಗೊತ್ತಿರುವ ಅಳತೆಯ ಮೇಲೆಯೇ ಬೀಳುತ್ತದೆ. ನಿಮ್ಮ ಒಟ್ಟು ಅಂದಾಜನ್ನೂ ಹಾಗೆಯೇ ಮಾಡಿ ನೋಡಿ: 105 ಲಕ್ಷ, ಹತ್ತರಿಂದ ಭಾಗಿಸಿದರೆ 10.5 ಮಿಲಿಯನ್.

ಒಂದು ಅಕ್ಷರದ ಸಂಕ್ಷೇಪಗಳನ್ನು ಬಿಟ್ಟೇ ಬಿಡಿ ಎಂಬುದು ನನ್ನ ಖಚಿತ ಅಭಿಪ್ರಾಯ. M ಎಂದರೆ ನಿಮಗೆ ಮಿಲಿಯನ್. ಆದರೆ ಲೆಕ್ಕಪತ್ರದಲ್ಲಿ M ಅನ್ನು ಸಾವಿರಕ್ಕೂ MM ಅನ್ನು ಮಿಲಿಯನ್‌ಗೂ ಬಳಸುವ ಹಳೆಯ ರೂಢಿ ಇನ್ನೂ ಉಳಿದಿದೆ. L ಮತ್ತು Cr ನಮ್ಮ ಉಪಖಂಡದ ಆಚೆ ಯಾರಿಗೂ ಏನೂ ಹೇಳುವುದಿಲ್ಲ. ಆ ಹುಡುಗಿ ಕೇಳಿದ್ದು ನಿಜಕ್ಕೂ ಒಳ್ಳೆಯದಾಯಿತು. ಕೇಳದೆ ತನಗೆ ತೋಚಿದಂತೆ ಅರ್ಥ ಮಾಡಿಕೊಳ್ಳುವವರೇ ಹೆಚ್ಚು. ಮೂರು ಅಕ್ಷರ ಉಳಿಸಿ ಯಾರೂ ಏನೂ ಗಳಿಸುವುದಿಲ್ಲ, ಲಕ್ಷ, ಕೋಟಿ, ಮಿಲಿಯನ್ ಎಂದು ಪೂರ್ತಿ ಬರೆಯಿರಿ.

ಹಾಗಾದರೆ ಅಂಕಿಯನ್ನೇ ಪೂರ್ತಿ ಬರೆದುಬಿಟ್ಟರೆ ಸಾಕಲ್ಲವೇ ಎಂದು ನಿಮಗೆ ಅನಿಸಬಹುದು. ಅರ್ಧ ಸಾಕು. ಉಳಿದರ್ಧವನ್ನು ಕಾಮಾ ಕೆಡಿಸುತ್ತದೆ. ನಮ್ಮ ಕ್ರಮದಲ್ಲಿ ಬಲದಿಂದ ಮೊದಲು ಮೂರು ಅಂಕಿ, ಆಮೇಲೆ ಎರಡೆರಡು. ಅಮೆರಿಕದ ಕ್ರಮದಲ್ಲಿ ಉದ್ದಕ್ಕೂ ಮೂರು ಮೂರು. ಬಲದಿಂದ ಮೊದಲ ಕಾಮಾ ಇಬ್ಬರಿಗೂ ಸಾವಿರದ ಕಾಮಾ, ಅಲ್ಲಿಯವರೆಗೆ ಜಗಳವಿಲ್ಲ. ಎರಡನೆಯ ಕಾಮಾ ನಮಗೆ ಲಕ್ಷ, ಅವರಿಗೆ ಮಿಲಿಯನ್, ಹತ್ತು ಪಟ್ಟಿನ ವ್ಯತ್ಯಾಸ. ಮೂರನೆಯದು ನಮಗೆ ಕೋಟಿ, ಅವರಿಗೆ ಬಿಲಿಯನ್, ಅಂದರೆ ನೂರು ಕೋಟಿ. ಅಲ್ಲಿ ವ್ಯತ್ಯಾಸ ನೂರು ಪಟ್ಟು.

ನಿಮ್ಮ ಮೊದಲ ಕಂತನ್ನೇ ಹತ್ತಿರದಿಂದ ನೋಡಿ. ನೀವು 13,50,000 ಎಂದು ಬರೆದಿರಿ ಎನ್ನಿ. ನ್ಯೂಜೆರ್ಸಿಯಲ್ಲಿ ಬೆಳೆದ ಹುಡುಗನ ಕಣ್ಣಿಗೆ ನಡುವಿನ 50 ಅಪೂರ್ಣವಾಗಿ ಕಾಣುತ್ತದೆ. ಅಲ್ಲಿ ಮೂರು ಅಂಕಿ ಇರಬೇಕಿತ್ತು, ಒಂದು ಸೊನ್ನೆ ಬಿಟ್ಟುಹೋಗಿದೆ ಎಂದು ತಾನೇ ತುಂಬಿಕೊಂಡು 13,500,000 ಎಂದು ಓದಿಕೊಳ್ಳುತ್ತಾನೆ. ಅದು ಒಂದು ಕೋಟಿ ಮೂವತ್ತೈದು ಲಕ್ಷ. ಅದನ್ನೇ 1,350,000 ಎಂದು ಬರೆದರೆ ಊರಿನ ಅಂಗಡಿಯವರು ಒಂದು ಅಂಕಿ, ಕಾಮಾ, ಮತ್ತೊಂದು ಕಾಮಾ ಎಂದು ಅದರ ಆಕಾರ ನೋಡಿ ಒಂದು ಲಕ್ಷ ಮೂವತ್ತೈದು ಸಾವಿರ ಎಂದುಕೊಳ್ಳುತ್ತಾರೆ, ಏಕೆಂದರೆ 1,35,000 ಕಾಣುವುದೂ ಹೆಚ್ಚುಕಡಿಮೆ ಹಾಗೆಯೇ. ದೊಡ್ಡ ಮೊತ್ತವನ್ನು ಯಾರೂ ಅಂಕಿ ಅಂಕಿಯಾಗಿ ಎಣಿಸುವುದಿಲ್ಲ, ಆಕಾರವನ್ನು ನೋಡುತ್ತಾರೆ. ಕಾಮಾ ತೆಗೆದುಬಿಟ್ಟು 1350000 ಎಂದು ಒಟ್ಟಿಗೆ ಬರೆಯುವುದು ಪರಿಹಾರವಲ್ಲ. ಆಗ ಇಬ್ಬರೂ ಎಣಿಸಬೇಕಾಗುತ್ತದೆ, ಕೆಲವು ಫೋನ್‌ಗಳು ಅದನ್ನು ದೂರವಾಣಿ ಸಂಖ್ಯೆ ಎಂದು ತಿಳಿದು ಅಡಿಗೆರೆ ಎಳೆಯುವುದೂ ಉಂಟು. ಕಾಮಾ ಬದಲು ಜಾಗ ಬಿಡುವುದು ವಿಜ್ಞಾನದ ಬರಹದಲ್ಲಿ ಚೆನ್ನ. ಫೋನಿನ ಪರದೆಯಲ್ಲಿ ಸಾಲಿನ ಕೊನೆಗೆ ಬಂದಾಗ ಅಂಕಿ ಎರಡು ತುಂಡಾಗುತ್ತದೆ.

ಇದಕ್ಕೆಲ್ಲ ಮದ್ದು ಪದ. ಅಂಕಿಯ ಆಕಾರ ಮೋಸ ಮಾಡಿದಾಗ ಪಕ್ಕದಲ್ಲಿರುವ «ಹದಿಮೂರು ಲಕ್ಷ ಐವತ್ತು ಸಾವಿರ» ಎಂಬ ಮಾತು ಅದನ್ನು ಹಿಡಿದುಹಾಕುತ್ತದೆ. ಚೆಕ್ಕಿನಲ್ಲಿ ಮೊತ್ತವನ್ನು ಅಕ್ಷರದಲ್ಲೂ ಅಂಕಿಯಲ್ಲೂ ಬರೆಸುವುದು ಇದಕ್ಕಾಗಿಯೇ. ಹಾಗಾಗಿ ನಿಮ್ಮ ಸಂದೇಶದ ಕನ್ನಡ ಭಾಗ ಹೀಗಿರಲಿ:

> ಒಟ್ಟು ಅಂದಾಜು ₹1,05,00,000. ಒಂದು ಕೋಟಿ ಐದು ಲಕ್ಷ ರೂಪಾಯಿ. ಏಳು ಕೊಠಡಿ, ಒಂದಕ್ಕೆ ಹದಿನೈದು ಲಕ್ಷ.
> ಮೊದಲ ಕಂತು ₹13,50,000. ಹದಿಮೂರು ಲಕ್ಷ ಐವತ್ತು ಸಾವಿರ ರೂಪಾಯಿ.

ಅದರ ಕೆಳಗೆ ಒಂದು ಸಾಲು ಬಿಟ್ಟು, ಹೊರಗಿನವರಿಗಾಗಿ ಬೇರೆಯಾಗಿ:

```
INR 10,500,000 = 10.5 million = 1.05 crore
INR 1,350,000 = 1.35 million = 13.5 lakh
```

ಎರಡು ಬಗೆಯ ಕಾಮಾ ಒಂದೇ ಸಾಲಿನಲ್ಲಿ ಬರಬಾರದು, ಬೇರೆ ಬೇರೆ ಸಾಲಿನಲ್ಲಿ ಇರಲಿ. ಆಗ ಪ್ರತಿಯೊಬ್ಬರೂ ತಮ್ಮ ಸಾಲನ್ನು ಆರಿಸಿಕೊಂಡು ಓದುತ್ತಾರೆ. ಇಂಗ್ಲಿಷ್ ಸಾಲಿನ ಕೊನೆಯಲ್ಲಿ ಲಕ್ಷ, ಕೋಟಿಯನ್ನು ಉಳಿಸಿದ್ದು ಬೇಕೆಂದೇ. ಆ ಮಕ್ಕಳು ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಈ ಮೊತ್ತದ ಬಗ್ಗೆ ಮಾತನಾಡುವಾಗ ಇಬ್ಬರ ಕೈಯಲ್ಲೂ ಒಂದೇ ಪದ ಇರಬೇಕು. ₹ ಚಿಹ್ನೆ ಬಳಕೆಗೆ ಬಂದದ್ದು 2010ರಲ್ಲಿ, ಈಗ ಎಲ್ಲ ಫೋನ್‌ಗಳಲ್ಲೂ ಸರಿಯಾಗಿ ಕಾಣುತ್ತದೆ. ಆದರೂ ಹೊರಗಿನವರ ಸಾಲಿಗೆ INR ಹಾಕಿ. Rs ಎಂದರೆ ಶ್ರೀಲಂಕಾ, ನೇಪಾಳ, ಪಾಕಿಸ್ತಾನದ ರೂಪಾಯಿಯೂ ಹೌದು, ದುಬೈಯಲ್ಲಿ ಅವರೆಲ್ಲರೂ ಅಕ್ಕಪಕ್ಕದಲ್ಲೇ ಇರುತ್ತಾರೆ.

«ಒಂದಕ್ಕೆ ಹದಿನೈದು ಲಕ್ಷ» ಎಂದು ಸೇರಿಸಿದ್ದನ್ನು ಗಮನಿಸಿ. ನಾನು ಅದನ್ನು ಸಾಕ್ಷಿ ಅಂಕಿ ಎನ್ನುತ್ತೇನೆ. ಒಂದೂವರೆ ಕೋಟಿಯನ್ನು ಸರಿಯೋ ತಪ್ಪೋ ಎಂದು ಅಳೆಯುವುದು ಹೆಚ್ಚಿನವರಿಗೆ ಕಷ್ಟ, ಆದರೆ ಊರಿನಲ್ಲಿ ಮನೆ ಕಟ್ಟಿಸಿದವರಿಗೆ ಒಂದು ಕೊಠಡಿಯ ಖರ್ಚು ಗೊತ್ತಿರುತ್ತದೆ. ಏಳು ಹದಿನೈದಲೆ ನೂರ ಐದು ಎಂದು ಬಾಯಿಲೆಕ್ಕ ಹಾಕುವವರು ಯಾವುದಾದರೂ ಜಗಲಿಯಲ್ಲಿ ಇದ್ದೇ ಇರುತ್ತಾರೆ. ಅವರು ನಿಮ್ಮ 1.5 ಅನ್ನು ಅದೇ ಸಂಜೆ ಹಿಡಿದುಕೊಡುತ್ತಿದ್ದರು.

ಜರ್ಮನಿಯವರಿಗಾಗಿ ಒಂದು ಎಚ್ಚರಿಕೆ. ಅಲ್ಲಿ ಬಿಂದು ಮತ್ತು ಕಾಮಾಗಳ ಕೆಲಸ ಅದಲುಬದಲು: ಸಾವಿರ ಬೇರ್ಪಡಿಸಲು ಬಿಂದು, ದಶಮಾಂಶಕ್ಕೆ ಕಾಮಾ. ಆದ್ದರಿಂದ ಬಿಂದುವಿನ ನಂತರ ಮೂರು ಅಂಕಿ ಬರೆಯಬೇಡಿ. 1.125 ಕೋಟಿ ಎಂದರೆ ಅಲ್ಲಿನ ರೂಢಿಯಲ್ಲಿ ಸಾವಿರದ ನೂರ ಇಪ್ಪತ್ತೈದು ಕೋಟಿ. ಅಂಥ ಮೊತ್ತವನ್ನು 112.5 ಲಕ್ಷ ಎಂದೋ ಪೂರ್ತಿ ಅಂಕಿಯಲ್ಲೋ ಬರೆಯಿರಿ.

ಡಾಲರ್ ಹಾಕಬೇಕೇ? ಹಾಕಿದರೆ ಅಮೆರಿಕದವರಿಗೆ ಅನುಕೂಲ. ಆದರೆ ರೂಪಾಯಿ ಮೊತ್ತವೇ ಮೂಲ, ಡಾಲರ್ ಅದರ ನೆರಳು ಎಂಬುದು ಸಂದೇಶದಲ್ಲೇ ಕಾಣಬೇಕು. ಆ ದಿನದ ದರ ಡಾಲರಿಗೆ 90 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ ಮೊದಲ ಕಂತು ಸುಮಾರು 15,000 ಡಾಲರ್, ಒಟ್ಟು ಸುಮಾರು 1,17,000. «ಸುಮಾರು» ಎಂಬ ಪದ, ದರ ಮತ್ತು ತಾರೀಖು ಮೂರೂ ಜೊತೆಗಿರಲಿ. ಇಲ್ಲದಿದ್ದರೆ ಆರು ತಿಂಗಳ ನಂತರ ಬಂದ ಹಣ ಕಡಿಮೆಯಾದಾಗ ಲೆಕ್ಕ ಕೇಳುವವರಿಗೆ ಉತ್ತರ ಇರುವುದಿಲ್ಲ. ಇಲ್ಲಿ ಹಲವರು ಮಾಡಿಕೊಳ್ಳುವ ಗೊಂದಲ ಒಂದಿದೆ: ರೂಪಾಯಿಗೆ ಲಕ್ಷ, ಡಾಲರಿಗೆ ಮಿಲಿಯನ್ ಎಂದುಕೊಳ್ಳುತ್ತಾರೆ. ಅಳತೆಯ ಪದವನ್ನು ತೀರ್ಮಾನಿಸುವುದು ವಾಕ್ಯದ ಭಾಷೆಯೇ ಹೊರತು ನೋಟಿನ ದೇಶವಲ್ಲ. ಕನ್ನಡ ವಾಕ್ಯದಲ್ಲಿ 75 ಕೋಟಿ ಡಾಲರ್ ಎನ್ನುವುದು ಸರಿಯಾದ ಕನ್ನಡ, ಪತ್ರಿಕೆಗಳು ದಿನವೂ ಹಾಗೆ ಬರೆಯುತ್ತವೆ. ಮಿಲಿಯನ್‌ಗೆ «ದಶಲಕ್ಷ» ಎಂದು ಬರೆಯುವ ಕ್ರಮವೂ ಇದೆ. ನನಗೆ ಅದು ಇಷ್ಟವಿಲ್ಲ. 750 ದಶಲಕ್ಷ ಎಂದರೆ ಓದುಗನೇ ಕೂತು ಗುಣಿಸಬೇಕು, ಆ ಕೆಲಸ ಬರೆದವನದ್ದು.

ರೂಪಾಯಿ ಮೊತ್ತವೂ ಮಿಲಿಯನ್‌ನಲ್ಲಿ ಬರುವುದು ನಮ್ಮಲ್ಲೇ ಇದೆ. ಕಂಪನಿ ಕಾಯ್ದೆ 2013ರ ಮೂರನೆಯ ಅನುಸೂಚಿ ದೊಡ್ಡ ಕಂಪನಿಗಳಿಗೆ ಲೆಕ್ಕಪತ್ರವನ್ನು ಲಕ್ಷ, ಮಿಲಿಯನ್, ಕೋಟಿ ಮೂರರಲ್ಲೂ ಕೊಡಲು ಅವಕಾಶ ನೀಡಿದೆ, ಆಯ್ದುಕೊಂಡ ಅಳತೆಯನ್ನು ಉದ್ದಕ್ಕೂ ಬಳಸಬೇಕು ಎಂದಷ್ಟೇ ಕಟ್ಟಳೆ. ಬೆಂಗಳೂರಿನ ಎರಡು ಕಂಪನಿಗಳನ್ನೇ ನೋಡಿ: ಇನ್ಫೊಸಿಸ್ ತನ್ನ ರೂಪಾಯಿ ಲೆಕ್ಕವನ್ನು ಕೋಟಿಯಲ್ಲಿ ಕೊಡುತ್ತದೆ, ವಿಪ್ರೊ ಮಿಲಿಯನ್‌ನಲ್ಲಿ. ಎರಡರ ಫಲಿತಾಂಶವನ್ನು ಒಟ್ಟಿಗೆ ಇಟ್ಟು ಬರೆಯುವಾಗ ಪಟ್ಟಿಯ ತಲೆಯಲ್ಲಿ ಸಣ್ಣಕ್ಷರದಲ್ಲಿರುವ ಅಳತೆಯನ್ನು ನೋಡದೆ ಅಂಕಿ ಎತ್ತಿಕೊಂಡರೆ ಒಂದು ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. ನಿಮ್ಮ ಗುಂಪಿನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಇರುವವರು ಎರಡೂ ರೂಢಿಗಳಿಗೆ ಒಗ್ಗಿದವರು. ಅವರಿಗೆ ಸುಲಭವಾಗಿ ತಿಳಿಯಿತು ಎಂದಮಾತ್ರಕ್ಕೆ ಸಂದೇಶ ಸ್ಪಷ್ಟವಾಗಿದೆ ಎಂದು ಭಾವಿಸಬೇಡಿ. ಕಳುಹಿಸುವ ಮೊದಲು ಊರಿನಲ್ಲಿ ಒಬ್ಬರಿಗೆ, ಹೊರಗೆ ಬೆಳೆದ ಮಕ್ಕಳಲ್ಲಿ ಒಬ್ಬರಿಗೆ ತೋರಿಸಿ, ಮೊತ್ತವನ್ನು ಬಾಯಿಬಿಟ್ಟು ಓದಲು ಹೇಳಿ.

ದೇಣಿಗೆಯ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಇಡುತ್ತೀರಿ ಎಂದುಕೊಳ್ಳುತ್ತೇನೆ. ಅಲ್ಲಿ ಸೆಲ್ ಒಳಗೆ «2.5 ಲಕ್ಷ» ಎಂದು ಬರೆಯಬೇಡಿ. ಪದ ಸೇರಿದ ಕೂಡಲೇ ಎಕ್ಸೆಲ್ ಅದನ್ನು ಅಂಕಿ ಎಂದು ಎಣಿಸುವುದನ್ನು ಬಿಟ್ಟು ಬರಹ ಎಂದು ತಿಳಿಯುತ್ತದೆ, SUM ಅದನ್ನು ಯಾವ ಎಚ್ಚರಿಕೆಯೂ ಇಲ್ಲದೆ ಬಿಟ್ಟು ಕೂಡುತ್ತದೆ. ಗುರುತಿಸುವುದು ಸುಲಭ: ಅಂಕಿಗಳು ಸೆಲ್‌ನ ಬಲಕ್ಕೆ ಅಂಟಿಕೊಳ್ಳುತ್ತವೆ, ಬರಹ ಎಡಕ್ಕೆ ನಿಲ್ಲುತ್ತದೆ. ಎಡಕ್ಕೆ ನಿಂತ ಮೊತ್ತ ಕಂಡರೆ ಅದು ಲೆಕ್ಕಕ್ಕೆ ಸೇರಿಲ್ಲ. 250000 ಎಂದು ಬರಿಯ ಅಂಕಿ ಹಾಕಿ, ಕಾಣುವ ರೂಪವನ್ನು ಈ ಕಸ್ಟಮ್ ಫಾರ್ಮ್ಯಾಟ್‌ಗೆ ಬಿಡಿ:

```
[>=10000000]##\,##\,##\,##0;[>=100000]##\,##\,##0;##,##0
```

ಇದರಿಂದ ಬೇರೆ ದೇಶದ ಕಂಪ್ಯೂಟರಿನಲ್ಲಿ ತೆರೆದರೂ 2,50,000 ಎಂದೇ ಕಾಣುತ್ತದೆ. ಇದಿಲ್ಲದಿದ್ದರೆ ಕಾಮಾ ಬೀಳುವ ಜಾಗ ಆಯಾ ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಮೇಲೆ ಹೋಗುತ್ತದೆ, ಒಂದೇ ಹಾಳೆಯ ಎರಡು ಸ್ಕ್ರೀನ್‌ಶಾಟ್‌ಗಳು ಎರಡು ರೀತಿ ಕಂಡು ಗುಂಪಿನಲ್ಲಿ ಚರ್ಚೆ ಶುರುವಾಗುತ್ತದೆ. ಒಂದು ಮಿತಿ ಇದೆ: ಸೊನ್ನೆಗಿಂತ ಕಡಿಮೆಯ ಮೊತ್ತಗಳಿಗೆ, ಅಂದರೆ ಬಾಕಿಯನ್ನು ಮೈನಸ್ ಹಾಕಿ ತೋರಿಸಿದರೆ, ಈ ಸೂತ್ರ ನಮ್ಮ ಕ್ರಮದ ಕಾಮಾ ಹಾಕುವುದಿಲ್ಲ. ಬಾಕಿಗೆ ಬೇರೆ ಕಾಲಂ ಮಾಡಿಕೊಳ್ಳಿ.

ಈಗ ಹಳೆಯ ಸಂದೇಶವನ್ನು ತಿದ್ದಬೇಕಲ್ಲ. ಅದನ್ನು ಅಳಿಸಿ ಹೊಸದನ್ನು ಹಾಕಿದರೆ ಸಾಲದು. ಅಷ್ಟರಲ್ಲಿ ಅದು ಮನೆಯವರ ಗುಂಪುಗಳಿಗೆ ಹೋಗಿರುತ್ತದೆ, ಅಲ್ಲಿ ಒಂದೂವರೆ ಕೋಟಿ ಹಾಗೆಯೇ ಉಳಿಯುತ್ತದೆ. ಹಳೆಯ ಸಂದೇಶಕ್ಕೇ ಉತ್ತರವಾಗಿ, «ಮೇಲಿನದರಲ್ಲಿ ಒಟ್ಟು ಮೊತ್ತ 1.5 ಕೋಟಿ ಎಂದು ತಪ್ಪಾಗಿ ಬಂದಿದೆ, ಸರಿಯಾದದ್ದು ಒಂದು ಕೋಟಿ ಐದು ಲಕ್ಷ. ಮೊದಲ ಕಂತಿನ ಮೊತ್ತ ಬದಲಾಗಿಲ್ಲ, ಅದು ಹದಿಮೂರು ಲಕ್ಷ ಐವತ್ತು ಸಾವಿರ» ಎಂದು ಬರೆದು, ಅದರ ಕೆಳಗೆ ಹೊಸ ಸಂದೇಶ ಹಾಕಿ. ಯಾವುದು ಬದಲಾಯಿತು, ಯಾವುದು ಬದಲಾಗಿಲ್ಲ ಎಂಬ ಎರಡೂ ಮಾತು ಇರಬೇಕು.

ಆಮೇಲೆ ಉತ್ತರಗಳು ಬರತೊಡಗುತ್ತವೆ. ಯಾರೋ ಅಮೆರಿಕದಿಂದ «ನನ್ನದು 2 ಬರೆದುಕೊಳ್ಳಿ» ಎನ್ನುತ್ತಾರೆ. ಎರಡು ಲಕ್ಷ ರೂಪಾಯಿಯೋ, ಎರಡು ಸಾವಿರ ಡಾಲರೋ? 90ರ ದರದಲ್ಲಿ ಎರಡು ಸಾವಿರ ಡಾಲರ್ ಎಂದರೆ ಒಂದು ಲಕ್ಷ ಎಂಬತ್ತು ಸಾವಿರ, ಎರಡೂ ಹತ್ತಿರ ಹತ್ತಿರ ಇರುವುದರಿಂದ ಊಹಿಸಲು ಬರುವುದಿಲ್ಲ. ಪಟ್ಟಿಗೆ ಏರಿಸುವ ಮೊದಲು ಅವರಿಗೆ ನೇರವಾಗಿ ಬರೆಯಿರಿ: «₹2,00,000, ಎರಡು ಲಕ್ಷ ರೂಪಾಯಿ, INR 200,000 ಎಂದು ಬರೆದುಕೊಳ್ಳುತ್ತಿದ್ದೇನೆ, ಸರಿಯೇ?» ಅವರು ಹೌದು ಎಂದ ಮೇಲೆ ಹಾಳೆಯಲ್ಲಿ 200000 ಹಾಕಿ.